ಹೆತ್ತವರಿಗೊಂದು ಮಾತು, ಮಕ್ಕಳಿಗೊಂದು ಮಾತು: ಟ್ಯೂಷನ್ ಆ್ಯಪ್‌ಗೆ ಜಾಹೀರಾತು ಬರೆದ ಬಗೆ

ಎಂಟರಿಂದ ಹತ್ತನೇ ತರಗತಿಯವರೆಗಿನ ರಾಜ್ಯ ಪಠ್ಯಕ್ರಮದ ಗಣಿತವನ್ನು ಕನ್ನಡ ಮತ್ತು ಇಂಗ್ಲಿಷ್ ಎರಡೂ ಮಾಧ್ಯಮಗಳಲ್ಲಿ ಕಲಿಸುವ ಒಂದು ಆ್ಯಪ್‌ಗೆ ಜಾಹೀರಾತಿನ ಸ್ಕ್ರಿಪ್ಟ್ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೆತ್ತವರಿಗೆ 30 ಸೆಕೆಂಡಿನದೊಂದು, ಮಕ್ಕಳಿಗೆ 20 ಸೆಕೆಂಡಿನದೊಂದು, ಎರಡೂ ಯೂಟ್ಯೂಬ್‌ಗೆ. ಹಣ ಕೊಡುವವರು ಒಬ್ಬರು, ಕೂತು ಓದಬೇಕಾದವರು ಇನ್ನೊಬ್ಬರು. ಇಬ್ಬರನ್ನೂ ಒಂದೇ ಮಾತಿನಲ್ಲಿ ಒಲಿಸಲು ಹೋದರೆ ಆ ಮಾತು ಇಬ್ಬರಿಗೂ ಅರ್ಧ ಮಾತ್ರ ತಲುಪುತ್ತದೆ ಎಂಬುದು ಈ ಕ್ಷೇತ್ರದಲ್ಲಿರುವವರೆಲ್ಲರಿಗೂ ಗೊತ್ತಿರುವ ಸಂಗತಿ. ಬರೆಯುವಾಗ ಅದಕ್ಕಿಂತ ಮುಖ್ಯವಾಗಿ ನನ್ನನ್ನು ಕಾಡಿದ್ದು ಬೇರೆಯೇ ಒಂದು ಪ್ರಶ್ನೆ. ನಮ್ಮ ಬಹುತೇಕ ಮನೆಗಳಲ್ಲಿ ಮಕ್ಕಳು ಹಿಡಿಯುವ ಫೋನು ಅಪ್ಪನದೋ ಅಮ್ಮನದೋ ಆಗಿರುತ್ತದೆ. ಆದ್ದರಿಂದ ಯಾರಿಗೆಂದು ಬರೆದರೂ ಆ ಜಾಹೀರಾತು ಇನ್ನೊಬ್ಬರ ಕಿವಿಗೂ ಬಿದ್ದೇ ಬೀಳುತ್ತದೆ.

ಮಕ್ಕಳನ್ನೇ ಗುರುತಿಸಿ ಅವರಿಗಷ್ಟೇ ತೋರಿಸುವ ದಾರಿಯೂ ಇಲ್ಲ, ಇರಲೂಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಜಾಡು ಹಿಡಿದು ಅವರನ್ನೇ ಗುರಿಯಾಗಿಸುವ ಜಾಹೀರಾತಿಗೆ ಅವಕಾಶ ಕೊಡುವುದಿಲ್ಲ. ಹಾಗಾಗಿ ಮಕ್ಕಳ ಸ್ಕ್ರಿಪ್ಟನ್ನು ಗಣಿತ ಪಾಠದ ವಿಡಿಯೊಗಳ ಮುಂದೆ, ಅಂದರೆ ವೀಕ್ಷಕರ ವಯಸ್ಸನ್ನು ನೋಡದೆ ವಿಷಯವನ್ನು ಮಾತ್ರ ನೋಡಿ ಹಾಕುವುದೆಂದು ತೀರ್ಮಾನವಾಯಿತು. ಅಂಥ ವಿಡಿಯೊವನ್ನು ಮಗುವೂ ನೋಡಬಹುದು, ಮಗುವಿಗೆ ಹೇಳಿಕೊಡಲು ಅಮ್ಮನೂ ನೋಡಬಹುದು. ಇದರಿಂದ ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ: ಹೆತ್ತವರಿಗೆ ಹೇಳುವ ಯಾವ ಮಾತನ್ನೂ ಪಕ್ಕದಲ್ಲಿ ಕೂತ ಮಗು ಕೇಳಿ ತಲೆ ತಗ್ಗಿಸುವಂತಿರಬಾರದು, ಮಗುವಿಗೆ ಹೇಳುವ ಯಾವ ಮಾತೂ ಹೆತ್ತವರ ಬೆನ್ನ ಹಿಂದೆ ಆಡಿದಂತಿರಬಾರದು.

ಎರಡಕ್ಕೂ ಒಂದೇ ದೃಶ್ಯವನ್ನು ಆರಿಸಿಕೊಂಡೆ. ಆ್ಯಪ್‌ನಲ್ಲಿ ನಿಜವಾಗಿ ಹೇಳಿಕೊಳ್ಳಬಹುದಾದ ಗುಣ ಒಂದೇ ಇತ್ತು. ಮಗು ಲೆಕ್ಕವನ್ನು ಸಾಲುಸಾಲಾಗಿ ಬರೆಯುತ್ತಾ ಹೋದರೆ, ಕೊನೆಯ ಉತ್ತರ ತಪ್ಪೆಂದು ಹೇಳಿ ಸುಮ್ಮನಾಗದೆ, ಯಾವ ಸಾಲಿನಲ್ಲಿ ದಾರಿ ತಪ್ಪಿತೋ ಅಲ್ಲಿ ನಿಲ್ಲಿಸಿ ಆ ಹೆಜ್ಜೆಯ ಪುಟ್ಟ ಪಾಠವನ್ನು ತೋರಿಸುತ್ತಿತ್ತು. ಇದನ್ನು ಬಾಯಿಮಾತಿನಲ್ಲಿ ಹೊಗಳುವ ಬದಲು ಒಂದು ಲೆಕ್ಕದಲ್ಲಿ ತೋರಿಸಿಬಿಡೋಣ ಎಂದು, ಎಂಟನೇ ತರಗತಿಯ ಒಂದು ಚರಾಕ್ಷರದ ಸಮೀಕರಣಗಳ ಮಟ್ಟದ್ದನ್ನು ಹುಡುಕಿದೆ. ಲೆಕ್ಕ 7 − 2(x − 3) = 5. ಮಕ್ಕಳು ಬಹಳ ಸಲ ಇದರ ಎರಡನೇ ಸಾಲನ್ನು 7 − 2x − 6 = 5 ಎಂದು ಬರೆಯುತ್ತಾರೆ. ಹೊರಗಿನ ಮೈನಸ್ಸು ಒಳಗಿನ ಎರಡೂ ಪದಗಳಿಗೆ ಅನ್ವಯಿಸುತ್ತದೆ ಎಂಬುದನ್ನು ಮರೆತಿರುತ್ತಾರೆ. ಅಲ್ಲಿಂದ ಮುಂದೆ ಪಕ್ಷಾಂತರವನ್ನೆಲ್ಲ ಸರಿಯಾಗಿಯೇ ಮಾಡಿ x = −2 ಎಂಬಲ್ಲಿಗೆ ಮುಟ್ಟುತ್ತಾರೆ. ಸರಿಯಾದ ಸಾಲು 7 − 2x + 6 = 5, ಉತ್ತರ x = 4. ಈ ಲೆಕ್ಕ ನನಗೆ ಹಿಡಿಸಲು ಕಾರಣವಿದೆ. ತಪ್ಪು ಮಾಡಿದ ಮಗುವಿಗೆ ಮುಕ್ಕಾಲು ಲೆಕ್ಕ ಬರುತ್ತದೆ, ಒಂದೇ ಒಂದು ಚಿಹ್ನೆ ಕೈ ಕೊಟ್ಟಿದೆ. ಅಂಥ ಮಗುವನ್ನು ದಡ್ಡನೆಂದು ಯಾರೂ ಕರೆಯಲಾರರು. ಹೆತ್ತವರು ನೋಡಿದರೂ ಮಗುವಿನ ಮರ್ಯಾದೆ ಉಳಿಯುತ್ತದೆ.

ಮಕ್ಕಳ ಸ್ಕ್ರಿಪ್ಟನ್ನು ಮೊದಲು ಬರೆದೆ, ಏಕೆಂದರೆ ಅಲ್ಲಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ಯೂಟ್ಯೂಬ್‌ನಲ್ಲಿ ದಾಟಿಸಬಹುದಾದ ಜಾಹೀರಾತನ್ನು 5 ಸೆಕೆಂಡಿನ ನಂತರ ದಾಟಿಸಬಹುದು, ಮಕ್ಕಳ ಬೆರಳು ಆ ಗುಂಡಿಯ ಮೇಲೆ ಮೊದಲೇ ಕಾದಿರುತ್ತದೆ. ಕಂಪನಿಯವರು ಈ ಐದು ಸೆಕೆಂಡಿಗೆ ಕುಣಿಯುವ ಬೊಂಬೆ ಮತ್ತು ತಮ್ಮ ಹೆಸರು ಬೇಕೆಂದಿದ್ದರು. ನಾನು ಪರದೆಯ ತುಂಬ ಕೈಬರಹದ ನಾಲ್ಕು ಸಾಲುಗಳನ್ನು ಮಾತ್ರ ಇಟ್ಟೆ. ಹಿನ್ನೆಲೆಯ ದನಿ ಹೀಗೆ ಹೇಳುತ್ತದೆ: “ಇದ್ರಲ್ಲಿ ಒಂದು ಸಾಲು ತಪ್ಪಿದೆ. ಯಾವ್ದು ಹೇಳು?” ಅಲ್ಲಿಗೆ ಐದು ಸೆಕೆಂಡು ಮುಗಿಯುತ್ತದೆ. ಕಣ್ಣೆದುರು ಲೆಕ್ಕ ಕಂಡಾಗ ತಪ್ಪು ಹುಡುಕುವ ಆಸೆ ಮಕ್ಕಳಿಗೆ ಸಹಜವಾಗಿ ಹುಟ್ಟುತ್ತದೆ. ಆಮೇಲೆ: “ಎರಡನೇ ಸಾಲು. ಹೊರಗಿನ ಮೈನಸ್ ಎರಡು, ಒಳಗಿನ ಎಕ್ಸ್‌ಗೂ ಹೋಗ್ಬೇಕು, ಮೂರಕ್ಕೂ ಹೋಗ್ಬೇಕು. ಮೈನಸ್ ಇಂಟು ಮೈನಸ್ ಪ್ಲಸ್. ಈಗ ಎಕ್ಸ್ ನಾಲ್ಕು. ಹಾಕಿ ನೋಡು, ಸರಿ ಹೋಗತ್ತೆ. ಇಂಥದ್ದೇ ಇನ್ನೊಂದು ಲೆಕ್ಕ ಇಲ್ಲಿದೆ.” ಇಷ್ಟೇ. ಆ್ಯಪ್ ಕೊಳ್ಳದ ಮಗುವೂ ಇಪ್ಪತ್ತು ಸೆಕೆಂಡಿನಲ್ಲಿ ಒಂದು ವಿಷಯ ಕಲಿತು ಎದ್ದುಹೋಗುತ್ತದೆ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ.

ಕೊನೆಯ ಸಾಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕಂಪನಿಯ ಕಡೆಯಿಂದ ಬಂದ ಕರಡಿನಲ್ಲಿ “ಇವತ್ತೇ ಅಪ್ಪಂಗೆ ಹೇಳಿ ಡೌನ್‌ಲೋಡ್ ಮಾಡಿಸ್ಕೋ” ಎಂದಿತ್ತು. ದಾರಿ ತಪ್ಪಿಸುವ ಜಾಹೀರಾತುಗಳ ತಡೆಗೆ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಮಕ್ಕಳಿಗೆ ನೇರವಾಗಿ ಕೊಳ್ಳಿರೆಂದು ಹೇಳುವುದನ್ನೂ, ಹೆತ್ತವರನ್ನು ಒಪ್ಪಿಸಿ ಕೊಡಿಸಿಕೊಳ್ಳಿರೆಂದು ಹುರಿದುಂಬಿಸುವುದನ್ನೂ ತಡೆಯುತ್ತದೆ. ನಿಯಮ ಇಲ್ಲದಿದ್ದರೂ ನಾನು ಆ ಸಾಲನ್ನು ಬರೆಯುತ್ತಿರಲಿಲ್ಲ. ತಿಂಗಳ ಸಂಬಳದಲ್ಲಿ ಲೆಕ್ಕ ಹಾಕಿ ಮನೆ ನಡೆಸುವವರ ಮುಂದೆ ಮಗುವನ್ನು ಹಟಕ್ಕೆ ನಿಲ್ಲಿಸುವುದು ಆ ಮಗುವಿಗೂ ಮಾಡುವ ಅನ್ಯಾಯ. ಹೀಗಾಗಿ ಮಕ್ಕಳ ಜಾಹೀರಾತಿನ ಕೊನೆಯ ಗುಂಡಿಯು ಶುಲ್ಕದ ಪುಟಕ್ಕೆ ಹೋಗದೆ ಇನ್ನೊಂದು ಉಚಿತ ಲೆಕ್ಕಕ್ಕೆ ಹೋಗುತ್ತದೆ, ಅಲ್ಲಿ ಹೆಸರನ್ನಾಗಲಿ ಫೋನ್ ನಂಬರನ್ನಾಗಲಿ ಕೇಳುವುದಿಲ್ಲ. ಇದನ್ನು ಒಪ್ಪಿಸಲು ಮಾತುಕತೆ ಬಹಳ ಹೊತ್ತು ನಡೆಯಿತು, ಏಕೆಂದರೆ ನಂಬರ್ ಸಿಗದಿದ್ದರೆ ಮಾರಾಟದವರು ಕರೆ ಮಾಡುವುದು ಯಾರಿಗೆ ಎಂಬುದು ಅವರ ಚಿಂತೆ.

ಹೆತ್ತವರ ಸ್ಕ್ರಿಪ್ಟ್‌ಗೆ ಕೂರುವ ಮುನ್ನ, ಅವರು ಟ್ಯೂಷನ್ ಹುಡುಕುವಾಗ ನಿಜವಾಗಿ ಏನನ್ನು ಕೇಳುತ್ತಾರೆಂದು ಪರಿಚಯದವರನ್ನು ವಿಚಾರಿಸಿದೆ. ಮೈನಸ್ ಇಂಟು ಮೈನಸ್ ಅವರಿಗೆ ಬೇಕಿಲ್ಲ. ಸ್ಟೇಟ್ ಸಿಲಬಸ್ಸಾ, ಕನ್ನಡ ಮೀಡಿಯಮ್ ಇದೆಯಾ, ಒಟ್ಟು ಎಷ್ಟಾಗುತ್ತದೆ, ಫೋನ್ ಕೊಟ್ಟರೆ ಓದುತ್ತಾನೋ ಆಟ ಆಡುತ್ತಾನೋ ಎಂದು ತಿಳಿಯುವುದು ಹೇಗೆ, ಇವಿಷ್ಟೇ ಪ್ರಶ್ನೆಗಳು. ಹಣದ ಪ್ರಶ್ನೆಯ ಹಿಂದೆ ಭಯವಿದೆ. ಕೇಂದ್ರ ಶಿಕ್ಷಣ ಸಚಿವಾಲಯವು 2021ರ ಡಿಸೆಂಬರ್‌ನಲ್ಲಿಯೇ ಆನ್‌ಲೈನ್ ಕಲಿಕೆಯ ಕಂಪನಿಗಳ ವಿಚಾರದಲ್ಲಿ ಹೆತ್ತವರಿಗೆ ಸಲಹೆ ನೀಡಿ, ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ಒಪ್ಪಿಗೆ ಕೊಡುವಾಗ ಎಚ್ಚರಿಕೆಯಿಂದಿರಬೇಕೆಂದು ಹೇಳಿತ್ತು. ಉಚಿತವೆಂದು ತಿಳಿದು ಸೇರಿ ಕಂತಿನಲ್ಲಿ ಸಿಕ್ಕಿಕೊಂಡವರ ಕಥೆಯನ್ನು ಒಂದಲ್ಲ ಒಂದು ಬಗೆಯಲ್ಲಿ ಎಲ್ಲರೂ ಕೇಳಿದ್ದಾರೆ.

ಮಾತಿಗೆ 30 ಸೆಕೆಂಡಿನ ಮಿತಿಯಿದೆ. ಕನ್ನಡದ ಪದಗಳಿಗೆ ಪ್ರತ್ಯಯಗಳು ಸೇರಿ ಉದ್ದವಾಗುವುದರಿಂದ ಇಷ್ಟು ಹೊತ್ತಿನಲ್ಲಿ ಐವತ್ತೈದು ಪದಗಳನ್ನು ಮೀರಿದರೆ ಓದುವವರು ಉಸಿರು ಕಟ್ಟಿ ಓಡಬೇಕಾಗುತ್ತದೆ, ಓಡುವ ದನಿ ಮಾರಾಟದ ದನಿಯಾಗಿಬಿಡುತ್ತದೆ. ಕೊನೆಗೆ ನಿಂತ ಸ್ಕ್ರಿಪ್ಟ್ ಹೀಗಿದೆ: “ಉತ್ತರ ತಪ್ಪಾದ್ರೆ, ಎಲ್ಲಿ ತಪ್ಪಾಯ್ತು ಅಂತ ಮಗೂಗೆ ಗೊತ್ತಾಗ್ಬೇಕು. ಇಲ್ಲಿ ಲೆಕ್ಕದ ಪ್ರತಿ ಸಾಲನ್ನೂ ನೋಡಿ, ತಪ್ಪಿದ ಸಾಲಲ್ಲೇ ನಿಲ್ಲಿಸಿ ಹೇಳ್ಕೊಡ್ತಾರೆ. ಎಂಟರಿಂದ ಹತ್ತನೇ ಕ್ಲಾಸು, ಸ್ಟೇಟ್ ಸಿಲಬಸ್, ಕನ್ನಡ ಮೀಡಿಯಮ್ ಕೂಡ ಇದೆ. ಯಾವ ಪಾಠ ಆಯ್ತು, ಎಲ್ಲಿ ಕಷ್ಟ ಆಯ್ತು ಅಂತ ವಾರಕ್ಕೊಂದ್ಸಲ ನಿಮಗೆ ತಿಳಿಸ್ತಾರೆ. ವರ್ಷದ ಪೂರ್ತಿ ಫೀಸು ಇಲ್ಲಿದೆ. ಖಾತೆಯಿಂದ ತಾನಾಗಿ ದುಡ್ಡು ಹೋಗಲ್ಲ. ಒಂದು ಪಾಠ ನೀವೂ ಜೊತೇಲಿ ಕೂತು ನೋಡಿ.” ಫೀಸು ಎನ್ನುವಾಗ ಮೊತ್ತವು ಮಾತಿನ ಅಕ್ಷರಗಳಷ್ಟೇ ದೊಡ್ಡದಾಗಿ ಪರದೆಯ ನಡುವೆ ಬರುತ್ತದೆ. ಮೂಲೆಯಲ್ಲಿ ಇರುವೆ ಸಾಲಿನಂತೆ ಹರಿಯುವ ಷರತ್ತುಗಳಿಗೆ ನಾನು ಜಾಗವನ್ನೇ ಬಿಡಲಿಲ್ಲ.

ಇಲ್ಲಿ ಒಂದು ಸಾಲಿಗೆ ದೊಡ್ಡ ಜಗ್ಗಾಟ ನಡೆಯಿತು. “ಪಕ್ಕದ ಮನೆ ಹುಡುಗಿ ಆಗ್ಲೇ ಶುರು ಮಾಡಿದಾಳೆ, ನಿಮ್ಮ ಮಗ?” ಎಂಬುದು ಕಂಪನಿಯ ಇಚ್ಛೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಇಂತಿಷ್ಟು ಬರುತ್ತದೆಂಬ ಸೂಚನೆಯೂ ಬೇಕಿತ್ತು. ಜಾಹೀರಾತು ಕ್ಷೇತ್ರದ ಸ್ವನಿಯಂತ್ರಣ ಸಂಸ್ಥೆಯಾದ ಆಸ್ಕಿ ಶಿಕ್ಷಣದ ಜಾಹೀರಾತುಗಳಿಗೆಂದು ರೂಪಿಸಿರುವ ನಿಯಮಗಳಂತೆ ಕಡಿಮೆ ಅಂಕ ಪಡೆದವರನ್ನು ಸೋತವರೆಂದು ಚಿತ್ರಿಸುವಂತಿಲ್ಲ, ಹಿಂದೆ ಬೀಳುತ್ತೀರೆಂದು ದಿಗಿಲು ಹುಟ್ಟಿಸುವಂತಿಲ್ಲ. ಕೋಚಿಂಗ್ ಕ್ಷೇತ್ರದ ಜಾಹೀರಾತುಗಳಿಗೆ ಗ್ರಾಹಕ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಸುಳ್ಳು ಅವಸರವನ್ನೂ ಫಲಿತಾಂಶದ ಖಾತರಿಯನ್ನೂ ತಡೆಯುತ್ತದೆ. ಇವುಗಳನ್ನು ಮುಂದಿಟ್ಟು, ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದೆ: ಈ ಸಾಲನ್ನು ಊಟಕ್ಕೆ ಕೂತ ಹುಡುಗ ಅಮ್ಮನ ಫೋನಿನಿಂದ ಕೇಳಿಸಿಕೊಂಡರೆ, ಮರುದಿನ ಅಮ್ಮ ಆ್ಯಪ್ ಹಾಕಿಸಿದಾಗ ಅದನ್ನು ಅವನು ಶಿಕ್ಷೆಯೆಂದೇ ತೆಗೆದುಕೊಳ್ಳುತ್ತಾನೆ. ಕೊಂಡ ಆ್ಯಪನ್ನು ಮಗು ತೆರೆಯದಿದ್ದರೆ ಮುಂದಿನ ವರ್ಷದ ಫೀಸು ಬರುವುದಿಲ್ಲ. ಸಾಲು ಹೋಯಿತು.

ಪರೀಕ್ಷಿಸುವಾಗ ಎರಡನ್ನೂ ಅದಲುಬದಲು ಮಾಡಿ ತೋರಿಸಿದೆ, ಹೆತ್ತವರದನ್ನು ಮಕ್ಕಳಿಗೆ, ಮಕ್ಕಳದನ್ನು ಹೆತ್ತವರಿಗೆ. ಚೆನ್ನಾಗಿದೆಯೇ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಆದ್ದರಿಂದ “ಇದನ್ನು ಯಾರಿಗೆ ಹೇಳ್ತಿದಾರೆ, ಏನು ಮಾಡು ಅಂತಿದಾರೆ?” ಎಂದಷ್ಟೇ ಕೇಳಿದೆ. ಒಬ್ಬ ತಾಯಿ ಮಕ್ಕಳ ಸ್ಕ್ರಿಪ್ಟ್ ನೋಡಿ, “ಲೆಕ್ಕ ಹೇಳ್ಕೊಡ್ತಿದಾರೆ ಅಷ್ಟೆ, ಏನೂ ಮಾರ್ತಿಲ್ವಲ್ಲ” ಎಂದರು. ನನಗೆ ಬೇಕಿದ್ದುದು ಆ ಉತ್ತರವೇ. ಎಂಟನೇ ತರಗತಿಯ ಒಬ್ಬ ಹುಡುಗಿ ಮಾದರಿ ಚಿತ್ರೀಕರಣವನ್ನು ನೋಡಿ, “ಅದು ದೊಡ್ಡೋರ ಕೈಬರಹ, ನಮ್ಮ ಮಿಸ್ ಹೀಗೆ ಬರೀತಾರೆ” ಎಂದಳು. ಪುಸ್ತಕದಲ್ಲಿ ಎಡಗಡೆ ಅಂಚಿನ ಗೆರೆಯಿರಲಿಲ್ಲ, ಬರಹದಲ್ಲಿ ಒಂದು ಚಿತ್ತೂ ಇರಲಿಲ್ಲ. ಮಕ್ಕಳು ಮೊದಲು ನಂಬುವುದೂ ಬಿಡುವುದೂ ಇಂಥವನ್ನು ನೋಡಿಯೇ. ಕೊನೆಯ ಚಿತ್ರೀಕರಣಕ್ಕೆ ಅಂಚಿನ ಗೆರೆಯಿರುವ ಶಾಲೆಯ ನೋಟ್‌ಬುಕ್ಕಿನಲ್ಲಿ ಒಬ್ಬ ವಿದ್ಯಾರ್ಥಿಯಿಂದಲೇ ಲೆಕ್ಕ ಬರೆಸಿದೆವು, ಅವನು ಹೊಡೆದುಹಾಕಿದ ಒಂದು ಸಾಲನ್ನೂ ಹಾಗೆಯೇ ಉಳಿಸಿದೆವು.

ಜಾಹೀರಾತು ಹೊರಗೆ ಹೋದ ಮೇಲೆ ನೋಡಬೇಕಾದ ಸಂಖ್ಯೆಗಳು ಎರಡಕ್ಕೂ ಬೇರೆಬೇರೆ. ಮಕ್ಕಳದರಲ್ಲಿ ಐದನೇ ಸೆಕೆಂಡಿನ ನಂತರ ಉಳಿದವರು ಎಷ್ಟು, ಗುಂಡಿ ಒತ್ತಿದವರಲ್ಲಿ ಎರಡನೇ ಲೆಕ್ಕವನ್ನು ಮುಗಿಸಿದವರು ಎಷ್ಟು ಎಂದು ನೋಡಬೇಕು. ಗುಂಡಿ ಒತ್ತಿದವರು ಬಹಳ, ಮುಗಿಸಿದವರು ಕೆಲವರೇ ಎಂದಾದರೆ ಉಚಿತ ಲೆಕ್ಕ ಜಾಹೀರಾತಿನ ಲೆಕ್ಕಕ್ಕಿಂತ ತೀರಾ ಕಷ್ಟದ್ದಾಗಿದೆ ಎಂದರ್ಥ, ಸ್ಕ್ರಿಪ್ಟನ್ನು ಮುಟ್ಟದೆ ಲೆಕ್ಕವನ್ನು ಬದಲಿಸಬೇಕು. ಹೆತ್ತವರದರಲ್ಲಿ ಎಷ್ಟು ಜನ ನೋಡಿದರೆಂಬುದಕ್ಕಿಂತ, ಫೀಸು ಪರದೆಗೆ ಬಂದಾಗ ಎಷ್ಟು ಜನ ಎದ್ದುಹೋದರೆಂಬುದು ಮುಖ್ಯ. ಅಲ್ಲಿ ಹೋಗುವವರು ಹೇಗಿದ್ದರೂ ಕೊಳ್ಳಲಾರದವರು, ಅವರನ್ನು ಮೊತ್ತ ಮುಚ್ಚಿಟ್ಟು ಹಿಡಿದಿಟ್ಟರೆ ಮುಂದೆ ಮಾರಾಟದ ಕರೆಗಳಲ್ಲಿ ಇಬ್ಬರ ಸಮಯವೂ ಹಾಳು. ಇವೆರಡರ ಜೊತೆ ಸಹಾಯವಾಣಿಗೆ ಬರುವ ಕರೆಗಳ ಮೊದಲ ಪ್ರಶ್ನೆಯನ್ನು ಬರೆದಿಡಲು ಅಲ್ಲಿನವರಿಗೆ ಹೇಳಿದ್ದೇನೆ. “ಮಗ ಹಟ ಮಾಡ್ತಿದಾನೆ, ಇದೇನಿದು?” ಎಂದು ಶುರುವಾಗುವ ಕರೆಗಳು ಹೆಚ್ಚಿದರೆ ಮಕ್ಕಳ ಸ್ಕ್ರಿಪ್ಟನ್ನು ಆ ವಾರವೇ ನಿಲ್ಲಿಸಬೇಕೆಂಬುದು ನಮ್ಮ ಒಪ್ಪಂದದಲ್ಲಿ ಬರೆದಿರುವ ಮಾತು.