ಏರ್‌ಡ್ರಾಪ್ ಪುಟ ಸಹಿ ಕೇಳಿದಾಗ ನಾನು ಓದಿದ ಸಾಲುಗಳು

ಭಾವನವರ ಕ್ರಿಪ್ಟೊ ವಾಲೆಟ್‌ನಲ್ಲಿ ಅವರು ಕೊಳ್ಳದ ಟೋಕನ್ ಒಂದು ಬಂದು ಕೂತಿತ್ತು. ಅದರ ಹೆಸರೇ ಒಂದು ಜಾಲತಾಣದ ವಿಳಾಸ. ಅಲ್ಲಿಗೆ ಹೋದರೆ ಏರ್‌ಡ್ರಾಪ್, ಎಂದರೆ ಪುಕ್ಕಟೆ ಹಂಚುವ ಟೋಕನ್, ಸಿಗುತ್ತದೆ ಎಂಬ ಆಸೆ ಅವರದು. ಅದು ತೀರಾ ಹುಚ್ಚು ಆಸೆಯೇನಲ್ಲ. 2020ರಲ್ಲಿ ಯೂನಿಸ್ವಾಪ್ ಎಂಬ ಟೋಕನ್ ವಿನಿಮಯ ತಾಣ ತನ್ನ ಹಳೆಯ ಬಳಕೆದಾರರಿಗೆ ತಲಾ 400 ಟೋಕನ್ ಹಂಚಿದ್ದು ನಿಜ. ಆದರೆ ಯಾರ ವಿಳಾಸಕ್ಕಾದರೂ ಯಾರು ಬೇಕಾದರೂ ಟೋಕನ್ ಕಳಿಸಬಹುದು, ಅದಕ್ಕೆ ನಮ್ಮ ಒಪ್ಪಿಗೆ ಬೇಕಿಲ್ಲ.

ನಾನು ನೋಡುವ ಹೊತ್ತಿಗೆ ಅವರು ವಾಲೆಟ್ ಜೋಡಿಸಿಯಾಗಿತ್ತು. ಜೋಡಿಸಿದ ಮಾತ್ರಕ್ಕೆ ಹಣ ಹೋಗುವುದಿಲ್ಲ. ಪುಟಕ್ಕೆ ನಮ್ಮ ವಿಳಾಸ ಸಿಗುತ್ತದೆ, ಅದರಿಂದ ಅಲ್ಲಿ ಏನೇನಿದೆ ಎಂದು ತಿಳಿಯುತ್ತದೆ, ಅಷ್ಟೆ. ಕಳ್ಳ ಪುಟಗಳು ಆ ಪಟ್ಟಿಯನ್ನು ನೋಡಿಯೇ ಮುಂದೇನು ಕೇಳಬೇಕೆಂದು ಗೊತ್ತುಮಾಡುತ್ತವೆ. ಭಾವನವರಲ್ಲಿ ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಸಿ ಟೋಕನ್ ಇತ್ತು. ಅವರು ‘ಕ್ಲೇಮ್’ ಒತ್ತಿದಾಗ ಸಹಿ ಕೇಳುವ ಕಿಟಕಿ ತೆರೆಯಿತು.

“ವಹಿವಾಟಿಗೆ ಕೊಡುವ ಗ್ಯಾಸ್ ಶುಲ್ಕವೂ ಇಲ್ಲವಲ್ಲ, ಕಳೆದುಕೊಳ್ಳುವುದೇನು?” ಎಂದರು.

“ಸ್ವಲ್ಪ ತಾಳಿ ಭಾವ, ಮೊದಲು ಓದೋಣ” ಎಂದು ವಿವರ ತೆರೆದೆ. ಅಲ್ಲಿದ್ದದ್ದರಲ್ಲಿ ಮುಖ್ಯವಾದದ್ದು ಇಷ್ಟು:

```
Permit
spender: 0x...
value: 115792089237316195423570985008687907853269984665640564039457584007913129639935
```

ಆ ಉದ್ದನೆಯ ಅಂಕಿ ಎಂದರೆ ಮಿತಿಯೇ ಇಲ್ಲ ಎಂದರ್ಥ. `spender` ಮುಂದಿದ್ದ ಅಪರಿಚಿತ ವಿಳಾಸಕ್ಕೆ, ಬೇಕಾದಷ್ಟು ಯುಎಸ್‌ಡಿಸಿ ಎತ್ತಿಕೊಳ್ಳಲು ಬರೆದುಕೊಡುವ ಪತ್ರ ಅದು. ಹಂಚಲು ಬಂದವರಿಗೆ ನಮ್ಮ ಹಣವನ್ನು ಎತ್ತುವ ಅಧಿಕಾರ ಏಕೆ? ಶುಲ್ಕ ಇಲ್ಲದಿರುವುದಕ್ಕೂ ಕಾರಣವಿದೆ: ಸಹಿ ಮಾತ್ರ ನಮ್ಮದು, ಅದನ್ನು ಬ್ಲಾಕ್‌ಚೈನ್‌ಗೆ ಹಾಕುವ ಖರ್ಚು ಕಳ್ಳನದು. ಅವನು ಹಾಕುವವರೆಗೆ ನಾವು ಕೊಟ್ಟ ಅನುಮತಿಗಳ ಪಟ್ಟಿಯಲ್ಲೂ ಅದು ಕಾಣುವುದಿಲ್ಲ. ಸಹಿ ಹಾಕಿಬಿಟ್ಟಿದ್ದರೆ ಆ ಯುಎಸ್‌ಡಿಸಿಯನ್ನು ತಕ್ಷಣ ಬೇರೆ ವಾಲೆಟ್‌ಗೆ ಸಾಗಿಸುವುದೇ ನೇರ ದಾರಿ.

ತಿರಸ್ಕರಿಸಿದೆ. ಪುಟ ಆಗ ವರಸೆ ಬದಲಿಸಿತು: ‘ಸಂಪರ್ಕ ವಿಫಲ, ಸರಿಪಡಿಸಲು ನಿಮ್ಮ 12 ಪದಗಳನ್ನು ನಮೂದಿಸಿ’.

ಸಹಿಯ ಮೋಸಕ್ಕೆ ಒಂದು ಎಲ್ಲೆಯಾದರೂ ಇದೆ; ಮೇಲಿನ ಸಹಿಯಿಂದ ಯುಎಸ್‌ಡಿಸಿ ಹೋದರೂ ವಾಲೆಟ್‌ನಲ್ಲಿರುವ ಇನ್ನೊಂದು ನಾಣ್ಯ ಈಥರ್ ಉಳಿಯುತ್ತದೆ. ವಾಲೆಟ್ ಮಾಡುವಾಗ ಬರೆದಿಟ್ಟುಕೊಳ್ಳುವ ಆ ಪದಗಳಿಗೆ ಅಂಥ ಎಲ್ಲೆಯಿಲ್ಲ. 2048 ಪದಗಳ ಪಟ್ಟಿಯಿಂದ ಆಯ್ದ ಆ ಹನ್ನೆರಡರಿಂದಲೇ ವಾಲೆಟ್‌ನ ಎಲ್ಲ ಖಾಸಗಿ ಕೀಲಿಗಳೂ ಲೆಕ್ಕ ಹಾಕಿದಂತೆ ಹುಟ್ಟುತ್ತವೆ. ಮುಂದೆ ಅದೇ ವಾಲೆಟ್‌ನಲ್ಲಿ ಸೇರಿಸುವ ಖಾತೆಗಳಿಗೂ ಅದೇ ಮೂಲ. ಪದ ತಿಳಿದವನು ಯಾವ ಸಹಿಯನ್ನೂ ಕೇಳಬೇಕಿಲ್ಲ, ತಾನೇ ಹಾಕುತ್ತಾನೆ. ಜೋಡಣೆ ಸರಿಪಡಿಸಲು ಯಾವ ಪುಟಕ್ಕೂ, ಯಾವ ಸಹಾಯವಾಣಿಗೂ ಆ ಪದಗಳು ಬೇಕಾಗುವುದಿಲ್ಲ. ಹೊಸ ಮೊಬೈಲಿನಲ್ಲಿ ವಾಲೆಟ್ ಮರಳಿ ತೆರೆಯುವಾಗ, ವಾಲೆಟ್ ಆ್ಯಪ್‌ನಲ್ಲಿ ಅಥವಾ ಹಾರ್ಡ್‌ವೇರ್ ಸಾಧನದಲ್ಲಿ ಮಾತ್ರ ಅವುಗಳಿಗೆ ಕೆಲಸ.

“ಪದಗಳನ್ನು ಹಾಕಿಬಿಟ್ಟಿದ್ದರೆ ಪಾಸ್‌ವರ್ಡ್ ಬದಲಿಸಿದರೆ ಸಾಲದೇ?” ಎಂದು ಭಾವ ಕೇಳಿದರು. ಸಾಲದು. ಪಾಸ್‌ವರ್ಡ್ ಆ ಮೊಬೈಲಿನ ಆ್ಯಪ್‌ಗೆ ಮಾತ್ರ ಬೀಗ. ಹೊಸ ಪದಗಳಿರುವ ಹೊಸ ವಾಲೆಟ್ ಮಾಡಿ ಉಳಿದದ್ದನ್ನು ಸಾಗಿಸಬೇಕು. ಅಲ್ಲಿಯೂ ತೊಡಕಿದೆ: ಟೋಕನ್ ಸಾಗಿಸಲು ಗ್ಯಾಸ್‌ಗೆಂದು ಹಳೆಯ ವಿಳಾಸಕ್ಕೆ ಈಥರ್ ಹಾಕಿದರೆ, ಕಾದು ಕುಳಿತ ಕಳ್ಳನ ಬಾಟ್ ಅದನ್ನೂ ಕ್ಷಣದಲ್ಲಿ ಗುಡಿಸಿಕೊಂಡು ಹೋಗಬಹುದು. ಆದ್ದರಿಂದ ಖಾತೆಯಲ್ಲಿ ಈಥರ್ ಇರುವಾಗಲೇ ಬೆಲೆಬಾಳುವ ಟೋಕನ್‌ಗಳನ್ನು ಮೊದಲು, ಈಥರನ್ನು ಕೊನೆಗೆ ಸಾಗಿಸಬೇಕು.