ಪಂಚಾಂಗ, ಮಳೆ, ಪರೀಕ್ಷೆ: ನಮ್ಮ ಅಂಗಡಿಯ ಪುಟಗಳಿಗೆ ವರ್ಷದ ಮೆಟಾಡೇಟಾ

ಹುಬ್ಬಳ್ಳಿಯಲ್ಲಿ ನಮ್ಮ ವೈನಿ ನಡೆಸುವ ತಿನಿಸಿನ ಅಂಗಡಿಯ ಜಾಲತಾಣವನ್ನು ನಾನು ನೋಡಿಕೊಳ್ಳುತ್ತೇನೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಬ್ಯಾಡಗಿ ಮೆಣಸಿನ ಪುಡಿ, ಬಗೆಬಗೆಯ ಉಂಡಿ ನಮ್ಮ ಸರಕು. ಕೊಳ್ಳುವವರಲ್ಲಿ ಬಹಳ ಮಂದಿ ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದ ನಮ್ಮ ಕಡೆಯವರೇ. ಅವರು ಗೂಗಲ್‌ನಲ್ಲಿ ಹುಡುಕಿದಾಗ ನಮ್ಮ ಬಗ್ಗೆ ಮೊದಲು ಕಾಣುವುದು ಪುಟದ ಶೀರ್ಷಿಕೆ, ಅದರ ಕೆಳಗಿನ ಒಂದೆರಡು ಸಾಲಿನ ವಿವರಣೆ. ಮೆಟಾಡೇಟಾ ಎನ್ನುವ ಇವೆರಡನ್ನು ಯಾವಾಗ, ಹೇಗೆ ಬದಲಿಸಬೇಕು ಎಂಬುದನ್ನು ಪ್ರತಿವರ್ಷ ಜನವರಿಯಲ್ಲಿ ಒಂದು ಹಾಳೆಯಲ್ಲಿ ಬರೆದಿಡುತ್ತೇನೆ.

ಆ ಹಾಳೆಯಲ್ಲಿ ಮೊದಲು ತಾರೀಖು ಬರೆಯುವುದಿಲ್ಲ. 'ಪಂಚಮಿಗೆ ಐದು ವಾರ ಮೊದಲು', 'ಹೊಸ ಮೆಣಸಿನಕಾಯಿ ಕೈಗೆ ಬಂದ ದಿನ', 'ಪಿಯು ವೇಳಾಪಟ್ಟಿ ಹೊರಬಿದ್ದ ವಾರ' ಎಂದು ಬರೆಯುತ್ತೇನೆ. ಹಬ್ಬವನ್ನು ಪಂಚಾಂಗ ನಿರ್ಧರಿಸುತ್ತದೆ, ಸುಗ್ಗಿಯನ್ನು ಮಳೆ ನಿರ್ಧರಿಸುತ್ತದೆ, ಪರೀಕ್ಷೆಯನ್ನು ಮಂಡಳಿ ನಿರ್ಧರಿಸುತ್ತದೆ. ಕಳೆದ ವರ್ಷದ ತಾರೀಖನ್ನೇ ಈ ವರ್ಷಕ್ಕೂ ಎತ್ತಿಟ್ಟರೆ ಮೂರೂ ತಪ್ಪುತ್ತವೆ.

ನಾಗರ ಪಂಚಮಿಯನ್ನೇ ನೋಡಿ. ನಮಗೆ ದೀಪಾವಳಿಗಿಂತ ದೊಡ್ಡ ವ್ಯಾಪಾರ ಇದೇ. 2025ರಲ್ಲಿ ಪಂಚಮಿ ಜುಲೈ 29ಕ್ಕೆ ಬಂತು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಇರುವುದರಿಂದ ಅದು ಆಗಸ್ಟ್ 17ಕ್ಕೆ ಸರಿಯುತ್ತದೆ, ಅಂದರೆ 19 ದಿನ ತಡವಾಗಿ ಬರುತ್ತದೆ. ಗಣೇಶ ಚತುರ್ಥಿ, ದಸರಾ, ದೀಪಾವಳಿ ಎಲ್ಲವೂ ಅದೇ ಬಗೆಯಲ್ಲಿ ಮುಂದೂಡಿಕೆಯಾಗುತ್ತವೆ. ಆದ್ದರಿಂದ ಅಧಿಕ ಮಾಸ ಇದೆಯೇ ಎಂದು ನೋಡುವುದು ನನ್ನ ಹಾಳೆಯ ಮೊದಲ ಕೆಲಸ.

ಉಂಡಿ ಪುಟದ ವಿಳಾಸ ವರ್ಷವಿಡೀ ಒಂದೇ: `/undi`. ವಿಳಾಸದಲ್ಲಿ ಹಬ್ಬದ ಹೆಸರನ್ನಾಗಲಿ ಇಸವಿಯನ್ನಾಗಲಿ ಸೇರಿಸುವುದಿಲ್ಲ. ಪ್ರತಿ ಹಬ್ಬಕ್ಕೆ ಹೊಸ ಪುಟ ಮಾಡಿದರೆ ಹಳೆಯ ಪುಟ ಗಳಿಸಿದ ಕೊಂಡಿಗಳು ಮತ್ತು ಪರಿಚಯ ಅಲ್ಲೇ ಉಳಿದುಬಿಡುತ್ತವೆ, ಹೊಸದು ಸೊನ್ನೆಯಿಂದ ಆರಂಭಿಸಬೇಕಾಗುತ್ತದೆ. ಪಂಚಮಿಗೆ ಐದು ವಾರ ಇರುವಾಗ ಆ ಪುಟದ ತಲೆಯಲ್ಲಿ ಇಷ್ಟನ್ನು ಬದಲಿಸುತ್ತೇನೆ:

```html
<title>ನಾಗರ ಪಂಚಮಿ ಉಂಡಿ: ಶೇಂಗಾ, ಎಳ್ಳು, ಬೇಸನ್ | ಹುಬ್ಬಳ್ಳಿ</title>
<meta name="description" content="ಪಂಚಮಿಗೆ ಹುಬ್ಬಳ್ಳಿಯಲ್ಲಿ ಕಟ್ಟಿದ ಉಂಡಿ. ಬೆಂಗಳೂರು, ಪುಣೆಗೆ ಪಾರ್ಸೆಲ್. ಬೇಕಾದಷ್ಟು ಬಗೆ ಆರಿಸಿ, ಒಂದೇ ಡಬ್ಬಿಯಲ್ಲಿ ಪಡೆಯಿರಿ.">
```

ಐದು ವಾರ ಏಕೆಂದರೆ, ಗೂಗಲ್ ಪುಟವನ್ನು ಮತ್ತೆ ಓದಿ ಹೊಸ ಶೀರ್ಷಿಕೆಯನ್ನು ತೋರಿಸಲು ಕೆಲವು ದಿನವೂ ಹಿಡಿಯಬಹುದು, ಕೆಲವು ವಾರವೂ ಹಿಡಿಯಬಹುದು. ಜಾಲತಾಣ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ಪುಟದ ವಿಳಾಸ ಕೊಟ್ಟು ಮರುಓದಿಗೆ ಕೋರಿಕೆ ಸಲ್ಲಿಸುತ್ತೇನೆ, ಆದರೆ ಅದು ಕೋರಿಕೆ ಮಾತ್ರ. ಪಂಚಮಿಗೆ ಎರಡು ವಾರ ಇರುವಾಗ ಆರ್ಡರ್‌ಗಳು ಬರತೊಡಗುತ್ತವೆ. ಅಷ್ಟರೊಳಗೆ ಹೊಸ ಸಾಲು ಕಾಣಿಸಿಕೊಂಡಿರಬೇಕು.

ಶೀರ್ಷಿಕೆ ಟ್ಯಾಗ್ ಬದಲಿಸಿದರೆ ಸಾಲದು. ಪುಟದೊಳಗಿನ ದೊಡ್ಡ ತಲೆಬರಹ ಹಳೆಯದೇ ಆಗಿದ್ದರೆ ಗೂಗಲ್ ಅದನ್ನೇ ಎತ್ತಿಕೊಂಡು ಶೀರ್ಷಿಕೆಯಾಗಿ ತೋರಿಸುವುದುಂಟು. ವಿವರಣೆಯ ವಿಷಯದಲ್ಲೂ ಹೀಗೆಯೇ: ನಾವು ಬರೆದದ್ದನ್ನು ಬಿಟ್ಟು ಪುಟದ ಯಾವುದೋ ವಾಕ್ಯವನ್ನು ಅದು ಆರಿಸಬಹುದು. ಹಾಗಾಗಿ ತಲೆಬರಹ ಮತ್ತು ಮೊದಲ ಪ್ಯಾರಾಗಳಲ್ಲೂ ಪಂಚಮಿಯ ಮಾತು ಬರುವಂತೆ ಅದೇ ದಿನ ತಿದ್ದುತ್ತೇನೆ. ವಿವರಣೆಯಿಂದ ಫಲಿತಾಂಶದಲ್ಲಿ ಪುಟದ ಸ್ಥಾನ ಮೇಲೇರುವುದಿಲ್ಲ. ಕಂಡವರು ಒತ್ತಬೇಕೋ ಬೇಡವೋ ಎಂದು ನಿರ್ಧರಿಸಲು ಅದು ನೆರವಾಗುತ್ತದೆ, ಅಷ್ಟಕ್ಕೇ ಅದನ್ನು ಬರೆಯಬೇಕು.

'ಕೊನೆಯ ಆರ್ಡರ್ ತಾರೀಖನ್ನು ಅಲ್ಲೇ ಹಾಕಿಬಿಡು' ಎಂದು ವೈನಿ ಹೇಳುತ್ತಾರೆ. ಅದನ್ನು ನಾನು ಪುಟದಲ್ಲಿ ಎದ್ದು ಕಾಣುವಂತೆ ಹಾಕುತ್ತೇನೆ, ವಿವರಣೆಯಲ್ಲಿ ಹಾಕುವುದಿಲ್ಲ. ಪುಟದ ತಾರೀಖನ್ನು ಆ ಕ್ಷಣವೇ ತೆಗೆಯಬಹುದು. ಗೂಗಲ್ ಇಟ್ಟುಕೊಂಡ ಹಳೆಯ ವಿವರಣೆ ಹಬ್ಬ ಮುಗಿದ ಮೇಲೂ ಕೆಲವು ದಿನ ಉಳಿಯುತ್ತದೆ. ಅವಧಿ ಮೀರಿದ ತಾರೀಖು ಕಂಡವರು ಅಂಗಡಿಯೇ ಮುಚ್ಚಿದೆ ಎಂದುಕೊಳ್ಳುತ್ತಾರೆ.

ಫಲವನ್ನು ಅಳೆಯುವಾಗಲೂ ಪಂಚಾಂಗ ಬೇಕು. 2026ರ ಜುಲೈಯನ್ನು 2025ರ ಜುಲೈ ಜೊತೆ ಹೋಲಿಸಿದರೆ ವ್ಯಾಪಾರ ಕುಸಿದಂತೆ ಕಾಣುತ್ತದೆ, ಏಕೆಂದರೆ ಒಂದರಲ್ಲಿ ಹಬ್ಬವಿದೆ, ಇನ್ನೊಂದರಲ್ಲಿ ಇಲ್ಲ. ಸರ್ಚ್ ಕನ್ಸೋಲ್‌ನಲ್ಲಿ ಅವಧಿಯನ್ನು ಕೈಯಾರೆ ಕೊಡಬೇಕು: 2025ರ ಜುಲೈ 1ರಿಂದ 29, ಅದಕ್ಕೆ ಎದುರಾಗಿ 2026ರ ಜುಲೈ 20ರಿಂದ ಆಗಸ್ಟ್ 17. ಎರಡೂ 29 ದಿನ, ಎರಡೂ ಹಬ್ಬದ ದಿನ ಮುಗಿಯುತ್ತವೆ. ಆಮೇಲೆ ಉಂಡಿ ಪುಟವನ್ನಷ್ಟೇ ಆರಿಸಿ ಸರಾಸರಿ ಸ್ಥಾನವನ್ನು ನೋಡುತ್ತೇನೆ. ಸ್ಥಾನ ಹೆಚ್ಚುಕಡಿಮೆ ಅಷ್ಟೇ ಇದ್ದು, ನೂರು ಬಾರಿ ಕಂಡದ್ದಕ್ಕೆ ಒತ್ತಿದವರು ಹೆಚ್ಚಾಗಿದ್ದರೆ ಶೀರ್ಷಿಕೆ ಕೆಲಸ ಮಾಡಿದೆ ಎನ್ನಬಹುದು. ಸ್ಥಾನವೇ ಏರಿದ್ದರೆ ಆ ಹೆಚ್ಚಳವನ್ನು ಶೀರ್ಷಿಕೆಯ ಲೆಕ್ಕಕ್ಕೆ ಬರೆಯಲಾಗದು. ಈ ಅಂಕಿಅಂಶ 16 ತಿಂಗಳು ಮಾತ್ರ ಉಳಿಯುವುದರಿಂದ ಪ್ರತಿ ಹಬ್ಬದ ನಂತರ ಇಳಿಸಿಕೊಂಡು ಇಟ್ಟುಕೊಳ್ಳುತ್ತೇನೆ.

ಮೆಣಸಿನ ಪುಟದ ಕಥೆ ಬೇರೆ. ಬ್ಯಾಡಗಿ ಮಾರುಕಟ್ಟೆಗೆ ಜನವರಿಯಿಂದ ಮಾರ್ಚ್‌ವರೆಗೆ ಹೊಸ ಕಾಯಿ ಹೆಚ್ಚಾಗಿ ಬರುತ್ತದೆ. ಹಿಂಗಾರು ಮಳೆ ಎಳೆದರೆ ಕೊಯ್ಲೂ ತಡವಾಗುತ್ತದೆ. ಶೀತಲಗೃಹಗಳಲ್ಲಿಟ್ಟ ಹಿಂದಿನ ವರ್ಷದ ಕಾಯಿಯೂ ವ್ಯಾಪಾರದಲ್ಲಿರುತ್ತದೆ. ಆದ್ದರಿಂದ ವೈನಿ ಹೊಸ ಕಾಯಿ ಕೊಂಡು, ಬಿಸಿಲಿಗೆ ಹಾಕಿ, ಕುಟ್ಟಿಸಿದ ಮೇಲೆಯೇ ಶೀರ್ಷಿಕೆಗೆ 'ಹೊಸ ಬೆಳೆ' ಎಂದು ಸೇರಿಸುತ್ತೇನೆ. ಕ್ಯಾಲೆಂಡರ್ ನೋಡಿ ಮುಂಚೆಯೇ ಸೇರಿಸಿದರೆ ಅದು ಸುಳ್ಳಾಗುತ್ತದೆ. ಮನೆಗಳಲ್ಲಿ ವರ್ಷದ ಖಾರ ಮಾಡಿಕೊಳ್ಳುವುದು ಬೇಸಿಗೆಯಲ್ಲಿ, ಹೀಗಾಗಿ ಸ್ವಲ್ಪ ತಡವಾದರೂ ನಷ್ಟವಿಲ್ಲ.

ಜನವರಿಯಲ್ಲಿ ಈ ಪುಟ ಹುಡುಕಾಟದಲ್ಲಿ ಕಾಣಿಸುವ ಸಂಖ್ಯೆ ಒಮ್ಮೆಲೇ ಏರುತ್ತದೆ, ಒತ್ತುವವರ ಪ್ರಮಾಣ ಇಳಿಯುತ್ತದೆ. ಹುಡುಕಿದ ಪದಗಳ ಪಟ್ಟಿ ತೆರೆದರೆ ಕಾರಣ ಸಿಗುತ್ತದೆ: `byadgi chilli rate today`. ಅವರು ರೈತರು ಮತ್ತು ವರ್ತಕರು, ಅವರಿಗೆ ಬೇಕಾದದ್ದು ಆ ದಿನದ ಧಾರಣೆ. ನಮ್ಮಲ್ಲಿ ಅದಿಲ್ಲ. ಅವರನ್ನು ಸೆಳೆಯಲು 'ದರ' ಎಂಬ ಪದವನ್ನು ಶೀರ್ಷಿಕೆಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ, ಕಷ್ಟದಲ್ಲಿರುವ ರೈತನೊಬ್ಬ ನಮ್ಮ ಪುಡಿಯ ಪುಟಕ್ಕೆ ಬಂದು ಏನು ಮಾಡಬೇಕು? 'ದರ', `rate` ಇರುವ ಹುಡುಕಾಟಗಳನ್ನು ಸೋಸಿ ತೆಗೆದು ಉಳಿದವನ್ನಷ್ಟೇ ಹೋಲಿಸುತ್ತೇನೆ.

ಪರೀಕ್ಷೆಯ ತಿಂಗಳುಗಳಲ್ಲಿ ಓಡುವುದು ರೊಟ್ಟಿ ಮತ್ತು ಚಟ್ನಿ ಪುಡಿ. ಧಾರವಾಡದ ಹಾಸ್ಟೆಲು, ಬಾಡಿಗೆ ಕೋಣೆಗಳಲ್ಲಿ ಓದುವ ಮಕ್ಕಳಿಗೆ ಗದಗ, ಹಾವೇರಿ ಕಡೆಯ ತಾಯಂದಿರು ಆರ್ಡರ್ ಮಾಡುತ್ತಾರೆ. 2025ರಲ್ಲಿ ದ್ವಿತೀಯ ಪಿಯು ಮೊದಲ ಪರೀಕ್ಷೆ ಮಾರ್ಚ್ 1ರಿಂದ 20ರವರೆಗೆ ಇತ್ತು, ಎಸ್ಸೆಸ್ಸೆಲ್ಸಿ ಮಾರ್ಚ್ 21ಕ್ಕೆ ಶುರುವಾಯಿತು. ಹುಡುಕುವವರು ತಾಯಂದಿರು, ಅವರು 'ಪರೀಕ್ಷೆ' ಎಂದು ಟೈಪ್ ಮಾಡುವುದಿಲ್ಲ, 'ರೊಟ್ಟಿ ಪಾರ್ಸೆಲ್ ಧಾರವಾಡ' ಎಂದು ಮಾಡುತ್ತಾರೆ. ಹೀಗಾಗಿ ಇಲ್ಲಿ ಶೀರ್ಷಿಕೆಗೆ 'ಧಾರವಾಡಕ್ಕೆ ಪಾರ್ಸೆಲ್' ಎಂಬುದು ಸೇರುತ್ತದೆ, 'ಹಾಸ್ಟೆಲ್ ಮಕ್ಕಳಿಗೆ, ಕೆಡದೆ ಉಳಿಯುವ ಊಟ' ಎಂಬುದು ವಿವರಣೆಗೆ ಹೋಗುತ್ತದೆ. ವೇಳಾಪಟ್ಟಿ ಪ್ರಕಟವಾದ ವಾರವೇ ಇದನ್ನು ಬದಲಿಸುತ್ತೇನೆ. 2024ರಿಂದ ಪರೀಕ್ಷೆಗಳು ಒಂದಕ್ಕಿಂತ ಹೆಚ್ಚು ಸುತ್ತಿನಲ್ಲಿ ನಡೆಯುತ್ತಿರುವುದರಿಂದ ಮಾರ್ಚ್ ಮುಗಿದೊಡನೆ ಹಳೆಯ ಸಾಲಿಗೆ ಮರಳುವ ಹಾಗಿಲ್ಲ, ಕೊನೆಯ ಸುತ್ತು ಮುಗಿಯುವವರೆಗೂ ಅದನ್ನು ಹಾಗೆಯೇ ಬಿಡುತ್ತೇನೆ.