ಗಿರಾಕಿ ತರೋಕೆ ಎಷ್ಟು ಖರ್ಚು ಮಾಡಬಹುದು: ನನ್ನ ಗಾಣದ ಲೆಕ್ಕ

ಚಳ್ಳಕೆರೆಯಲ್ಲಿ ಗಾಣ ಇಟ್ಟು, ಬೆಂಗಳೂರಿನ ಮನೆಗಳಿಗೆ ಕಡಲೆಕಾಯಿ ಎಣ್ಣೆ ಕಳಿಸುವ ವ್ಯಾಪಾರ ನನ್ನದು. ಈಗ ಕಾಯಂ ತಗೊಳ್ಳುವ ಮನೆಗಳು ಸುಮಾರು 300. ಜಾಹೀರಾತು ನಿಲ್ಲಿಸಿ ಅಪಾರ್ಟ್‌ಮೆಂಟ್ ಸ್ಟಾಲ್ ಕಡೆ ತಿರುಗಿದಾಗ ದುಡ್ಡು ಹಾಕಿದ್ದ ಭಾವ, "ಮೊಬೈಲ್‌ನಲ್ಲಿ ಆರಾಮಾಗಿ ಬರೋ ಗಿರಾಕಿ ಬಿಟ್ಟು ವ್ಯಾನ್ ತಗೊಂಡು ಬೋಂಡಾ ಕರೀತೀಯೇನೋ" ಅಂತ ನಕ್ಕಿದ್ದರು. ಎರಡು ಸುಗ್ಗಿ ಕಳೆದಿದೆ. ಎರಡರಲ್ಲೂ ಸಾಲ ಮಾಡದೆ ಬೀಜ ಕೊಂಡಿದ್ದೇನೆ. ಅದಕ್ಕೇ ಬರೀತಿದ್ದೇನೆ.

ಎಲ್‌ಟಿವಿ, ಕ್ಯಾಕ್, ಪೇಬ್ಯಾಕ್ ಅಂದರೇನು ಅಂತ ಇಲ್ಲಿ ಹೇಳಲ್ಲ. ಅವನ್ನು ಎಣ್ಣೆಯಂಥ ಕಡಿಮೆ ಲಾಭದ ಮಾಲಿಗೆ ಹೇಗೆ ಹಾಕಿದೆ ಅನ್ನೋದಷ್ಟೇ ಹೇಳ್ತೇನೆ. ಅಂಕಿಗಳೆಲ್ಲ ನೆನಪಿನಿಂದ, ಸ್ವಲ್ಪ ಆಚೀಚೆ ಇರಬಹುದು.

ಮೊದಲು ಒಂದು ಕ್ಯಾನ್‌ನಲ್ಲಿ ಏನು ಉಳಿಯುತ್ತೆ ನೋಡಿ. 5 ಲೀಟರ್ ಕ್ಯಾನ್ ₹1,900. ಅದರಲ್ಲಿ ಶೇ 5 ಜಿಎಸ್‌ಟಿ ತೆಗೆದರೆ ₹1,810. ಒಂದು ಲೀಟರ್ ಎಣ್ಣೆಗೆ ನಮ್ಮ ಗಾಣದಲ್ಲಿ ಎರಡೂವರೆ ಕೆಜಿ ಬೀಜ ಬೇಕು. ಹಿಂಡಿ ಮಾರಿದ್ದು ಕಳೆದು, ಕರೆಂಟು ಕೂಲಿ ಸೇರಿಸಿ, ಲೀಟರಿಗೆ ₹246 ಬೀಳುತ್ತಿತ್ತು. ಐದು ಲೀಟರಿಗೆ ₹1,230. ಕ್ಯಾನು, ಕೊರಿಯರ್, ಆನ್‌ಲೈನ್ ಪಾವತಿಯ ಕಮಿಷನ್ ಎಲ್ಲ ಸೇರಿ ಇನ್ನೊಂದು ₹240ರ ಹತ್ತಿರ. ಉಳಿದದ್ದು ₹342. ಗಿರಾಕಿಯ ಬೆಲೆ ಕಟ್ಟುವಾಗ ನಾನು ಹಿಡಿಯೋದು ಈ ₹342ನ್ನೇ, ₹1,900 ಅಲ್ಲ.

ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ಆಗ ಜಾಹೀರಾತು ನೋಡಿಕೊಳ್ಳುತ್ತಿದ್ದ ಏಜೆನ್ಸಿಯ ಹುಡುಗ ಪ್ರತಿ ತಿಂಗಳು ಒಂದು ರಿಪೋರ್ಟ್ ತರುತ್ತಿದ್ದ. "ಸಾರ್, ಒಬ್ಬ ಗಿರಾಕಿಗೆ ₹420 ಖರ್ಚು, ವರ್ಷಕ್ಕೆ ಆರು ಕ್ಯಾನ್ ಅಂದ್ರೆ ₹11,000ಕ್ಕೂ ಮೇಲೆ. ಇಪ್ಪತ್ತೈದು ಪಟ್ಟು!" ಪೂರ್ತಿ ಬಿಲ್ ಮೊತ್ತವನ್ನೇ ಅವನು ನನ್ನ ಆದಾಯ ಅಂತ ಹಿಡಿದಿದ್ದ. ಮೊದಲ ಸಲ ಕೊಂಡವರೆಲ್ಲ ಆರು ಸಲ ಕೊಳ್ತಾರೆ ಅಂತಲೂ ಹಿಡಿದಿದ್ದ. ಆ ರಿಪೋರ್ಟ್ ಬರುತ್ತಿದ್ದ ತಿಂಗಳುಗಳಲ್ಲೇ ನನ್ನ ಬ್ಯಾಂಕ್ ಖಾತೆ ಖಾಲಿಯಾಗುತ್ತಿತ್ತು.

ನಿಜ ಗೊತ್ತಾಗಿದ್ದು ಆರ್ಡರ್‌ಗಳನ್ನು ಗಿರಾಕಿ ಬಂದ ತಿಂಗಳ ಪ್ರಕಾರ ಗುಂಪು ಮಾಡಿದ ಮೇಲೆ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಗೂಗಲ್ ಶೀಟ್‌ನಲ್ಲಿ ಆರ್ಡರ್ ಪಟ್ಟಿ ಇಟ್ಟುಕೊಳ್ಳಿ. B ಕಾಲಂನಲ್ಲಿ ಫೋನ್ ನಂಬರ್, D ಕಾಲಂನಲ್ಲಿ ತಾರೀಕು. ಪಕ್ಕದ ಕಾಲಂನಲ್ಲಿ ಇದನ್ನು ಹಾಕಿದರೆ ಆ ನಂಬರಿನ ಮೊದಲ ಆರ್ಡರ್ ತಾರೀಕು ಸಿಗುತ್ತೆ:

```
=MINIFS(D:D,B:B,B2)
```

ಆಮೇಲೆ ಪೈವಟ್ ಮಾಡಿದರೆ ಆಯ್ತು. ಹೆಸರಿನ ಮೇಲೆ ಮಾತ್ರ ಗುಂಪು ಮಾಡಬೇಡಿ. ಒಬ್ಬರೇ ಒಂದು ಸಲ ಲಕ್ಷ್ಮಿ, ಇನ್ನೊಂದು ಸಲ ಲಕ್ಷ್ಮೀದೇವಿ ಅಂತ ಬರೆಸಿರುತ್ತಾರೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು ನೋಡಿ ಬಂದ 100 ಜನರಲ್ಲಿ ಎರಡನೇ ಕ್ಯಾನ್ ತಗೊಂಡವರು 45. ಮೂರನೆಯದು 33, ನಾಲ್ಕನೆಯದು 27, ಆಮೇಲೆ 24, 22. ಎರಡು ತಿಂಗಳಿಗೊಂದು ಕ್ಯಾನ್ ಅಂದುಕೊಳ್ಳಿ. ವರ್ಷದೊಳಗೆ ತಲೆಗೆ ಸರಾಸರಿ ಎರಡೂವರೆ ಕ್ಯಾನ್, ಅಂದರೆ ನನಗೆ ಉಳಿಯೋದು ₹858. ವರ್ಷದಾಚೆಗಿನದನ್ನು ನಾನು ಲೆಕ್ಕಕ್ಕೇ ತಗೊಳ್ಳಲ್ಲ. "ತಿಂಗಳಿಗೆ ಇಷ್ಟು ಜನ ಬಿಡ್ತಾರೆ, ಅದರಿಂದ ಒಂದನ್ನು ಭಾಗಿಸು" ಅನ್ನೋ ಸೂತ್ರ ನಮ್ಮ ವ್ಯಾಪಾರಕ್ಕೆ ಹೊಂದಲ್ಲ. ನಮ್ಮಲ್ಲಿ ಬಿಡುವವರು ಮೊದಲ ಕ್ಯಾನ್ ಆದ ಮೇಲೇ ಬಿಡ್ತಾರೆ, ಉಳಿದವರು ಗಟ್ಟಿಯಾಗಿ ಉಳೀತಾರೆ. ಹಳಬರು ಜಾಸ್ತಿ ಇರುವ ಪಟ್ಟಿಯ ಸರಾಸರಿ ತೆಗೆದು ಅದನ್ನೇ ಹೊಸಬರಿಗೂ ಹಚ್ಚಿದರೆ ಎಲ್‌ಟಿವಿ ಸುಮ್ನೆ ಉಬ್ಬುತ್ತೆ.

ಇನ್ನು ಖರ್ಚಿನ ಕಡೆ. ₹420 ಜಾಹೀರಾತಿನದು ಮಾತ್ರ. ಮೊದಲ ಆರ್ಡರಿಗೆ ₹200 ರಿಯಾಯಿತಿ ಕೊಡುತ್ತಿದ್ದೆವು. ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ವಾಪಸ್ ಬಂದರೆ ಹೋಗಿಬರುವ ಕೊರಿಯರ್ ನಮ್ಮ ತಲೆಗೆ, ಅದನ್ನು ಹಂಚಿದರೆ ತಲೆಗೆ ₹60. ಫೋನ್ ಮಾಡಿ ಆರ್ಡರ್ ಖಚಿತಪಡಿಸುವ ಹುಡುಗಿಯ ಸಂಬಳದ ಪಾಲು ₹50. ಒಟ್ಟು ₹730. ಇಪ್ಪತ್ತೈದು ಪಟ್ಟು ಅಂದಿದ್ದು 1.2 ಪಟ್ಟಿಗೆ ಬಂದು ನಿಂತಿತು. ಹಾಕಿದ ದುಡ್ಡು ಪೂರ್ತಿ ವಾಪಸ್ ಬರೋದು ಐದನೇ ಕ್ಯಾನ್ ಹೊತ್ತಿಗೆ, ಅಂದರೆ ಎಂಟನೇ ತಿಂಗಳಿಗೆ.

ಆ ಹುಡುಗ ಬಜೆಟ್ ಏರಿಸೋಣ ಅಂತ ಹಟ ಹಿಡಿದ. ಏರಿಸಿಯೂ ನೋಡಿದೆವು. ತಿಂಗಳಿಗೆ ₹21,000 ಇದ್ದದ್ದು ₹54,000 ಆಯ್ತು, ಹೊಸ ಗಿರಾಕಿಗಳು 50 ಇದ್ದದ್ದು 105 ಆದರು. ಸರಾಸರಿ ನೋಡಿದರೆ ಎಲ್ಲ ಖರ್ಚು ಸೇರಿ ತಲೆಗೆ ₹825ರ ಹತ್ತಿರ, ₹858ಕ್ಕಿಂತ ಇನ್ನೂ ಕೆಳಗೇ. ಆದರೆ ಹೆಚ್ಚುವರಿ ₹33,000 ತಂದಿದ್ದು 55 ಜನರನ್ನು ಮಾತ್ರ. ಅವರ ಜಾಹೀರಾತಿಗೇ ತಲೆಗೆ ₹600, ಉಳಿದದ್ದು ಸೇರಿ ₹910. ಅಂದರೆ ಆಮೇಲೆ ಬಂದ ಪ್ರತಿಯೊಬ್ಬರ ಮೇಲೂ ನಷ್ಟ. ಸರಾಸರಿಯೊಳಗೆ ಇದು ಕಾಣಲ್ಲ. ಬಜೆಟ್ ಏರಿಸಿದಾಗಲೆಲ್ಲ ಏರಿಸಿದ ಭಾಗವನ್ನು ಮಾತ್ರ, ಅದು ತಂದ ಹೆಚ್ಚುವರಿ ಜನರಿಂದ ಭಾಗಿಸಬೇಕು.

ಅಪಾರ್ಟ್‌ಮೆಂಟ್ ಸ್ಟಾಲ್ ಶುರು ಮಾಡಿದ್ದು ಹೀಗೆ. ಶನಿವಾರ ಅಥವಾ ಭಾನುವಾರ ಸ್ಟಾಲ್ ಹಾಕಲು ಅಸೋಸಿಯೇಷನ್‌ಗೆ ₹3,000, ಇಬ್ಬರು ಹುಡುಗರ ಕೂಲಿ ₹1,400, ಚಳ್ಳಕೆರೆಯಿಂದ ಸುಮಾರು 200 ಕಿಮೀ ದೂರ ಹೋಗಿಬರುವ ಡೀಸೆಲ್ಲಿನ ಪಾಲು, ಬೋಂಡಾ ಸಾಮಾನು. ದಿನಕ್ಕೆ ₹6,000 ಹತ್ತಿರ. ಒಂದು ಸ್ಟಾಲಿಗೆ ಹೊಸ ಗಿರಾಕಿಗಳು ಹನ್ನೆರಡು ಹದಿಮೂರು, ತಲೆಗೆ ₹480. ರಿಯಾಯಿತಿ ಇಲ್ಲ. ಬಾಣಲೆಯಲ್ಲಿ ಎಣ್ಣೆ ಕಾದು ಆ ವಾಸನೆ ಬಂದ ಮೇಲೆ ಯಾರೂ ಚೌಕಾಸಿಗೆ ಇಳಿಯಲ್ಲ. ಒಂದೇ ಗೇಟಿನಲ್ಲಿ ಹತ್ತು ಕ್ಯಾನ್ ಇಳಿಸೋದರಿಂದ ಸಾಗಣೆಯೂ ಅಗ್ಗ, ಕ್ಯಾನಿಗೆ ₹380 ಉಳಿಯುತ್ತೆ.

ಇವರಲ್ಲಿ ಎರಡನೇ ಕ್ಯಾನ್ ತಗೊಂಡವರು 100ಕ್ಕೆ 70. ಆಮೇಲೆ 62, 57, 54, 52. ವರ್ಷದಲ್ಲಿ ತಲೆಗೆ ₹1,500. ಮೂರು ಪಟ್ಟು ಮುಟ್ಟಿತು, ದುಡ್ಡು ಎರಡನೇ ಕ್ಯಾನಿಗೇ ವಾಪಸ್. ಯಾವ ಅಪಾರ್ಟ್‌ಮೆಂಟ್ ಆರಿಸ್ತೇನೆ, ಎರಡನೇ ಕ್ಯಾನಿಗೆ ಯಾವ ದಿನ, ಏನು ಹೇಳಿ ಫೋನ್ ಮಾಡಿಸ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಬೆಂಗಳೂರಿನಲ್ಲಿ ಗಾಣದ ಎಣ್ಣೆ ಮಾರುವವರು ನಾನೊಬ್ಬನೇ ಅಲ್ವಲ್ಲ.

ಭಾವನವರು ಒಪ್ಪಿದ್ದು ಈ ಪಟ್ಟುಗಳಿಂದಲ್ಲ. ಹೊರಗೆ ಸಿಕ್ಕಿಕೊಂಡ ದುಡ್ಡಿನ ಲೆಕ್ಕ ತೋರಿಸಿದ ಮೇಲೆ ಒಪ್ಪಿದರು. ಎರಡೂ ದಾರಿಯಲ್ಲಿ ತಿಂಗಳಿಗೆ 50 ಜನ ಬರ್ತಾರೆ ಅಂದುಕೊಳ್ಳಿ. ಜಾಹೀರಾತಿನ ಗಿರಾಕಿಗೆ ₹730 ಹಾಕಿದೆ, ಮೊದಲ ಕ್ಯಾನ್‌ನಲ್ಲಿ ₹342 ಬಂತು. ಬಾಕಿ ₹388 ಎರಡು ತಿಂಗಳು ಹೊರಗೇ ಇರುತ್ತೆ. ಎರಡನೇ ಸುತ್ತು ಆದಾಗ ಬಾಕಿ ₹234, ಆಮೇಲೆ ₹121, ಆಮೇಲೆ ₹29. ಪ್ರತಿ ತಿಂಗಳೂ ಹೊಸ ಗುಂಪು ಬರ್ತಾ ಇರೋದರಿಂದ ಇವೆಲ್ಲ ಒಂದರ ಮೇಲೊಂದು ಕೂತು, ಯಾವಾಗ ನೋಡಿದರೂ ₹77,000 ಹೊರಗಿರುತ್ತೆ. ಸ್ಟಾಲಿನ ಗಿರಾಕಿಯದು ಬಾಕಿ ₹100, ಅದೂ ಎರಡೇ ತಿಂಗಳು. ಒಟ್ಟು ಹೊರಗಿರೋದು ₹10,000. ಅದೇ 50 ಜನ!

ನಮಗೆ ಇದು ಯಾಕೆ ಮುಖ್ಯ ಅಂದರೆ, ಮುಂಗಾರಿನ ಕಡಲೆಕಾಯಿ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಬರುತ್ತೆ. ಆಗ ಅರ್ಧ ವರ್ಷದ ಬೀಜವನ್ನಾದರೂ ಹಿಡಿದಿಡಬೇಕು, ಅದಕ್ಕೆ ₹12 ಲಕ್ಷ ಬೇಕು. ಹಾಗಾಗಿ ನನ್ನ ನಿಯಮ ಒಂದೇ: ಇವತ್ತು ಹಾಕಿದ ದುಡ್ಡು ಸೆಪ್ಟೆಂಬರ್ ಕೊನೆಯೊಳಗೆ ಕೈಗೆ ಬರಬೇಕು. ಎಂಟು ತಿಂಗಳ ಪೇಬ್ಯಾಕ್ ಇರೋದಕ್ಕೆ ಜನವರಿ ಕಳೆದ ಮೇಲೆ ಬಾಗಿಲು ಮುಚ್ಚಿದ ಹಾಗೆ. ಎರಡು ತಿಂಗಳದ್ದಕ್ಕೆ ಜುಲೈ ತನಕ ಅವಕಾಶ. ಮೂರು ಪಟ್ಟು, ಹನ್ನೆರಡು ತಿಂಗಳು ಅನ್ನೋ ಅಳತೆ ಸಾಫ್ಟ್‌ವೇರ್ ಮಾರುವವರದು. ಅವರು ಸುಗ್ಗಿಯಲ್ಲಿ ಬೀಜ ಕೊಳ್ಳಬೇಕಿಲ್ಲ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಒಂದು ಲೀಟರಿನ ಟ್ರಯಲ್ ಬಾಟಲಿ ಇಟ್ಟೆ. ಸಾಗಣೆ ಕಳೆದರೆ ಅದರಲ್ಲಿ ಏನೂ ಉಳಿಯಲಿಲ್ಲ, ತಗೊಂಡವರು ಕ್ಯಾನಿಗೂ ಬರಲಿಲ್ಲ. ಇನ್ನೊಬ್ಬರನ್ನು ಪರಿಚಯಿಸಿದರೆ ಅರ್ಧ ಲೀಟರ್ ಕೊಬ್ಬರಿ ಎಣ್ಣೆ ಕೊಡ್ತೇನೆ ಅಂದೆ. ಕ್ಯಾಕ್ ₹150ಕ್ಕಿಂತ ಕೆಳಗಿಳಿದದ್ದು ನೋಡಿ ಖುಷಿಯಾಯ್ತು. ಶೀಟ್‌ನಲ್ಲಿ ಫ್ಲಾಟ್ ನಂಬರ್ ಹಾಕಿ ಹುಡುಕಿದರೆ ಗಂಡ ಹೆಂಡತಿಯನ್ನು ಪರಿಚಯಿಸಿದ್ದ. ಒಂದೇ ಅಡಿಗೆಮನೆ, ಎರಡು ಫೋನು! ಈಗ ಹೊಸ ಗಿರಾಕಿ ಎರಡನೇ ಕ್ಯಾನ್ ತಗೊಂಡ ಮೇಲೆ, ಬೇರೆ ಬಾಗಿಲಾದರೆ ಮಾತ್ರ ಕೊಡ್ತೇನೆ.

ಸ್ಟಾಲಿಗೂ ಮಿತಿ ಇದೆ. ಅದೇ ಅಪಾರ್ಟ್‌ಮೆಂಟಿಗೆ ಮೂರು ತಿಂಗಳೊಳಗೆ ಮತ್ತೆ ಹೋದರೆ ಐದು ಜನ ಸಿಕ್ಕರೆ ಹೆಚ್ಚು, ಕ್ಯಾಕ್ ₹1,200ಕ್ಕೆ ಜಿಗಿಯುತ್ತೆ. ಇನ್ನು ಬೀಜದ ರೇಟು. ಕೆಜಿಗೆ ₹10 ಏರಿದರೆ ಕ್ಯಾನಿಗೆ ₹125 ಹೋಯ್ತು. ಸ್ಟಾಲಿನ ಕ್ಯಾನಿಗೆ ಉಳಿಯೋದು ₹255, ಮೂರು ಪಟ್ಟು ಇದ್ದದ್ದು ಎರಡಕ್ಕೆ ಇಳೀತು, ಪೇಬ್ಯಾಕ್ ನಾಲ್ಕು ತಿಂಗಳಾಯ್ತು. ಜಾಹೀರಾತಿನವರು ಆ ರೇಟಿನಲ್ಲಿ ಅಸಲನ್ನೂ ತರಲ್ಲ. ಅದಕ್ಕೇ ಬೀಜದ ಹೊಸ ಲಾಟ್ ಕೊಂಡ ದಿನವೇ ಶೀಟ್‌ನಲ್ಲಿ ಕ್ಯಾನಿನ ಉಳಿಕೆ ಬದಲಾಯಿಸ್ತೇನೆ.

ಈಗ ಭಾವನವರೇ ಎರಡನೇ ವ್ಯಾನ್ ತಗೋ ಅಂತ ಹಿಂದೆ ಬಿದ್ದಿದ್ದಾರೆ. ಕಂತು ತಿಂಗಳಿಗೆ ₹14,000 ಅಂದರೆ, 50 ಜನರಿಗೆ ಹಂಚಿದಾಗ ತಲೆಗೆ ₹280 ಸೇರುತ್ತೆ. ಕ್ಯಾಕ್ ₹760, ಎರಡು ಪಟ್ಟಿಗಿಂತ ಸ್ವಲ್ಪ ಕೆಳಗೆ. ಬಾಡಿಗೆ ವ್ಯಾನ್ ಆದರೆ ದಿನಕ್ಕೆ ₹2,500, ತಲೆಗೆ ₹200. ಅದು ಪರವಾಗಿಲ್ಲ, ಬೇಡವಾದ ವಾರ ಬಿಡಬಹುದು. ಈ ಸುಗ್ಗಿಯ ಬೀಜದ ರೇಟು ನೋಡಿ, ಜನವರಿಯಿಂದ ಬಾಡಿಗೆಯಲ್ಲೇ ಎರಡು ಶನಿವಾರ ಶುರು ಮಾಡ್ತೇನೆ ಅಂತ ಹೇಳಿದ್ದೇನೆ.